ಭಾನುವಾರ ಯಾರ ಪಾಲಿಗೆ?

ಏಳು ಜನ ಕೆಲಸಗಾರರಿರುವ ಒಂದು ಅಂಗಡಿ. ಪ್ರತಿ ರಾತ್ರಿ ಯಾರಾದರೂ ಒಬ್ಬರು ಇರಲೇಬೇಕು. ಮಾಲೀಕರು ಒಂದು ಹಾಳೆಯಲ್ಲಿ ಏಳು ಹೆಸರು ಬರೆದು, ಒಬ್ಬರಾದ ಮೇಲೊಬ್ಬರಂತೆ ರಾತ್ರಿ ಪಾಳಿ ಹಂಚುತ್ತಾರೆ. ಎಲ್ಲರಿಗೂ ವಾರಕ್ಕೆ ಒಂದೇ ನೈಟ್. ಇದಕ್ಕಿಂತ ಸಮನಾದ ಹಂಚಿಕೆ ಇರಲು ಸಾಧ್ಯವೇ ಎನಿಸುತ್ತದೆ. ಆದರೆ ಎರಡು ತಿಂಗಳು ಕಳೆಯುವಷ್ಟರಲ್ಲಿ ಒಬ್ಬರ ಮುಖ ಸಪ್ಪಗಾಗಿರುತ್ತದೆ. ಏಳು ಜನರ ಸರತಿ ಏಳು ದಿನಕ್ಕೊಮ್ಮೆ ತಿರುಗಿ ಬರುತ್ತದೆ, ವಾರವೂ ಏಳು ದಿನಕ್ಕೊಮ್ಮೆಯೇ ತಿರುಗುತ್ತದೆ. ಹೀಗಾಗಿ ಮೊದಲ ವಾರ ಶನಿವಾರ ರಾತ್ರಿ ಸಿಕ್ಕವರಿಗೆ ವರ್ಷಪೂರ್ತಿ ಶನಿವಾರ ರಾತ್ರಿಯೇ. ಮಂಗಳವಾರ ಸಿಕ್ಕವರು ವರ್ಷಪೂರ್ತಿ ಆರಾಮ. ಮದುವೆ, ನಾಮಕರಣ, ಊರ ಜಾತ್ರೆಗೆ ಹೋಗುವ ಆಸೆ ಎಲ್ಲರಿಗೂ ಇದ್ದೇ ಇರುತ್ತದೆ. ಶನಿವಾರದವರಿಗೆ ಮಾತ್ರ ಅದು ಆಸೆಯಾಗಿಯೇ ಉಳಿಯುತ್ತದೆ.

ಅದೇ ಅಂಗಡಿಯಲ್ಲಿ ಆರು ಜನರಿದ್ದರೆ ಈ ತೊಂದರೆ ತಾನಾಗಿಯೇ ಇಲ್ಲ. ಆರು ದಿನಕ್ಕೊಮ್ಮೆ ಸರತಿ ಬರುವುದರಿಂದ ಪ್ರತಿ ಸಲವೂ ಒಂದು ದಿನ ಹಿಂದಕ್ಕೆ ಸರಿಯುತ್ತದೆ: ಈ ಸಲ ಭಾನುವಾರ, ಮುಂದಿನ ಸಲ ಶನಿವಾರ, ಆಮೇಲೆ ಶುಕ್ರವಾರ. 42 ದಿನಗಳಲ್ಲಿ ಪ್ರತಿಯೊಬ್ಬರಿಗೂ ಏಳು ರಾತ್ರಿ, ವಾರದ ಪ್ರತಿ ದಿನವೂ ಒಂದೊಂದು ಸಲ. ನಾಲ್ಕು, ಐದು, ಎಂಟು ದಿನಗಳ ಸರತಿಯೂ ಹೀಗೆಯೇ ತಾನಾಗಿ ಸರಿಯುತ್ತದೆ. ಸಿಕ್ಕಿಹಾಕಿಕೊಳ್ಳುವುದು 7, 14, 21ರಂತಹ ಸರತಿಗಳು ಮಾತ್ರ. ಇವು ಏಳರಿಂದ ಭಾಗವಾಗುವ ಸಂಖ್ಯೆಗಳು. ಡ್ಯೂಟಿ ಚಾರ್ಟ್ ಹಾಕುವವರು ಈ ಒಂದು ಲೆಕ್ಕ ತಿಳಿದಿದ್ದರೂ ಅರ್ಧ ಜಗಳ ಕಡಿಮೆಯಾಗುತ್ತದೆ. ಉಳಿದರ್ಧ ಎಲ್ಲಿಂದ ಬರುತ್ತದೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ನರ್ಸಿಂಗ್ ಹೋಮ್ ಎದುರಿನ ಮೆಡಿಕಲ್ ಶಾಪ್

ಜಿಲ್ಲಾ ಕೇಂದ್ರದ ಒಂದು ನರ್ಸಿಂಗ್ ಹೋಮ್ ಎದುರು 24 ಗಂಟೆಯೂ ತೆರೆದಿರುವ ಮೆಡಿಕಲ್ ಶಾಪ್ ಇದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಬೆಳಗಿನ ಪಾಳಿ 7ರಿಂದ ಸಂಜೆ 4, ಮಧ್ಯಾಹ್ನದ್ದು 1ರಿಂದ ರಾತ್ರಿ 10, ರಾತ್ರಿಯದು 10ರಿಂದ ಬೆಳಗ್ಗೆ 7. ಮೂರೂ ಒಂಬತ್ತು ಗಂಟೆಯವು. ಅದರಲ್ಲಿ ಒಂದು ಗಂಟೆ ವಿರಾಮ, ಉಳಿದ ಎಂಟು ಗಂಟೆ ದುಡಿಮೆ. ಮಧ್ಯಾಹ್ನ 1ರಿಂದ 4ರವರೆಗೆ ಎರಡು ಪಾಳಿಯವರೂ ಇರುತ್ತಾರೆ. ಆಗ ಊಟಕ್ಕೆ ಹೋಗಿ ಬರುವುದು, ಬಂದ ಸ್ಟಾಕ್ ಜೋಡಿಸುವುದು ಎರಡೂ ಆಗುತ್ತದೆ. ರಾತ್ರಿಯವರು ಎರಡು ಗಂಟೆಯ ಹೊತ್ತಿಗೆ ಷಟರ್ ಎಳೆದು ಒಂದು ಗಂಟೆ ಅಡ್ಡಾಗುತ್ತಾರೆ. ತುರ್ತು ಬಂದರೆ ಕಾಲಿಂಗ್ ಬೆಲ್ ಇದೆ.

ಈ ಗಂಟೆಗಳನ್ನು ಸುಮ್ಮನೆ ಆರಿಸಿದ್ದಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಿ ದುಡಿಸುವಂತಿಲ್ಲ. ಐದು ಗಂಟೆ ಒಂದೇ ಸಮನೆ ದುಡಿದವರಿಗೆ ಕನಿಷ್ಠ ಒಂದು ಗಂಟೆ ವಿರಾಮ ಕೊಡಬೇಕು. ವಾರಕ್ಕೆ ಒಂದು ಪೂರ್ಣ ದಿನದ ರಜೆ ಕೊಡಬೇಕು, ಆ ದಿನಕ್ಕಾಗಿ ಸಂಬಳ ಮುರಿಯಬಾರದು. ಮಿತಿ ಮೀರಿ ದುಡಿದ ಗಂಟೆಗಳಿಗೆ ದುಪ್ಪಟ್ಟು ದರ. ರಾತ್ರಿ ಹನ್ನೆರಡು ಗಂಟೆ ಒಬ್ಬರನ್ನೇ ಕೂರಿಸಿ ‘ನಡುವೆ ಮಲಗ್ತಾನಲ್ಲ’ ಎಂದು ಸಮಾಧಾನ ಹೇಳುವ ಅಂಗಡಿಗಳಲ್ಲಿ ಹಂಚಿಕೆ ಎಷ್ಟೇ ಸಮವಾಗಿದ್ದರೂ ಅದು ತಪ್ಪನ್ನೇ ಸಮನಾಗಿ ಹಂಚಿದಂತೆ.

ಮೆಡಿಕಲ್ ಶಾಪಿಗೆ ಇನ್ನೊಂದು ಕಟ್ಟುಪಾಡಿದೆ. ಫಾರ್ಮಸಿ ಕಾಯ್ದೆ, 1948ರ ಪ್ರಕಾರ ವೈದ್ಯರ ಚೀಟಿಯ ಮೇಲೆ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. ಅಂದರೆ ಯಾವ ಪಾಳಿಯೂ ಫಾರ್ಮಸಿಸ್ಟ್ ಇಲ್ಲದೆ ನಡೆಯುವಂತಿಲ್ಲ. ದಿನಕ್ಕೆ ಮೂರರಂತೆ ವಾರಕ್ಕೆ 21 ಪಾಳಿ. ಒಬ್ಬರು ವಾರಕ್ಕೆ ಹೆಚ್ಚೆಂದರೆ ಆರು ಪಾಳಿ ಮಾಡಬಹುದು. ಮೂವರಿದ್ದರೆ 18, ಮೂರು ಪಾಳಿ ಕೊರತೆ. ನಾಲ್ವರಿದ್ದರೆ 24, ಮೂರು ಹೆಚ್ಚುವರಿ. ಹಾಗಾಗಿ ಈ ಅಂಗಡಿಗೆ ನಾಲ್ವರು ಫಾರ್ಮಸಿಸ್ಟ್ ಬೇಕೇ ಬೇಕು. ಹಗಲಿನ ಎರಡೂ ಪಾಳಿಗಳಲ್ಲಿ ಬಿಲ್ಲಿಂಗಿಗೆ, ರ‍್ಯಾಕಿನಿಂದ ಔಷಧಿ ತೆಗೆದುಕೊಡುವುದಕ್ಕೆ ಒಬ್ಬೊಬ್ಬ ಸಹಾಯಕರು, ಅದಕ್ಕೆ ಮೂವರು. ಒಟ್ಟು ಏಳು ಜನ, ಜೊತೆಗೆ ಮಾಲೀಕರು. ಅವರೂ ಫಾರ್ಮಸಿಸ್ಟೇ.

ಚಾರ್ಟ್ ಹಾಕುವ ಮೊದಲು ಈ ಭಾಗಾಕಾರ ಮಾಡದವರು ಹೆಚ್ಚು. ಮೂವರಿಂದ ನಾಲ್ವರ ಕೆಲಸ ಮಾಡಿಸುವ ಅಂಗಡಿಯಲ್ಲಿ ‘ನನಗೇ ಯಾವಾಗಲೂ ನೈಟ್ ಹಾಕ್ತಾರೆ’ ಎಂದು ಮೂವರೂ ದೂರುತ್ತಾರೆ, ಮೂವರೂ ಹೇಳುವುದು ನಿಜವೇ. ಅಲ್ಲಿ ಕೆಟ್ಟಿರುವುದು ಹಂಚಿಕೆಯಲ್ಲ, ಆಳಿನ ಸಂಖ್ಯೆ.

ಎಂಟು ದಿನದ ಚಕ್ರ

ನಾಲ್ವರು ಫಾರ್ಮಸಿಸ್ಟರನ್ನು ಅ, ಆ, ಇ, ಈ ಎಂದು ಕರೆಯೋಣ. ಎಲ್ಲರಿಗೂ ಮೊದಲು ಹೊಳೆಯುವುದು ನಾಲ್ಕು ದಿನದ ಚಕ್ರ: ಒಂದು ಬೆಳಗ್ಗೆ, ಒಂದು ಮಧ್ಯಾಹ್ನ, ಒಂದು ರಾತ್ರಿ, ಒಂದು ರಜೆ. ಕಾಗದದ ಮೇಲೆ ಇದು ಬಹಳ ಚೆನ್ನಾಗಿ ಕೂಡುತ್ತದೆ. ಆದರೆ ರಜೆಯ ದಿನ ಶುರುವಾಗುವುದೇ ಬೆಳಗ್ಗೆ ಏಳಕ್ಕೆ, ರಾತ್ರಿಯಿಡೀ ನಿಂತು ಬಂದ ಮೇಲೆ. ಮನೆಗೆ ಹೋಗಿ ತಿಂಡಿ ತಿಂದು ಮಲಗಿದರೆ ಏಳುವಾಗ ಮಧ್ಯಾಹ್ನ ಮೂರು. ಮಾರನೆಯ ದಿನ ಏಳಕ್ಕೆ ಮತ್ತೆ ಹಾಜರಿ. ಇದು ರಜೆಯಲ್ಲ, ನಿದ್ದೆಯ ಸಾಲ ತೀರಿಸುವ ದಿನ. ನೈಟ್ ಮಾಡದವರ ರಜೆಯನ್ನೂ ನೈಟ್ ಮುಗಿಸಿ ಬಂದವರ ರಜೆಯನ್ನೂ ‘ಒಂದು ಆಫ್’ ಎಂದು ಒಂದೇ ಖಾತೆಗೆ ಬರೆಯುವಲ್ಲಿ ದೊಡ್ಡ ಅನ್ಯಾಯ ಸದ್ದಿಲ್ಲದೆ ನುಸುಳುತ್ತದೆ.

ಇದಕ್ಕೆ ಪರಿಹಾರ ಚಕ್ರವನ್ನು ದುಪ್ಪಟ್ಟು ಮಾಡುವುದು. ಎರಡು ಬೆಳಗ್ಗೆ, ಎರಡು ಮಧ್ಯಾಹ್ನ, ಎರಡು ರಾತ್ರಿ, ಎರಡು ರಜೆ. ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಈ ಪದ್ಧತಿಗೆ ಅಲ್ಲಿ ‘ಮೆಟ್ರೊಪಾಲಿಟನ್ ರೋಟಾ’ ಎಂದು ಹೆಸರು. ನಮ್ಮ ಅಂಗಡಿಗೆ ಅದು ಹೀಗೆ ಕೂರುತ್ತದೆ:

ದಿನ 1, 2: ಅ ಬೆಳಗ್ಗೆ, ಆ ಮಧ್ಯಾಹ್ನ, ಇ ರಾತ್ರಿ, ಈ ರಜೆ.
ದಿನ 3, 4: ಈ ಬೆಳಗ್ಗೆ, ಅ ಮಧ್ಯಾಹ್ನ, ಆ ರಾತ್ರಿ, ಇ ರಜೆ.
ದಿನ 5, 6: ಇ ಬೆಳಗ್ಗೆ, ಈ ಮಧ್ಯಾಹ್ನ, ಅ ರಾತ್ರಿ, ಆ ರಜೆ.
ದಿನ 7, 8: ಆ ಬೆಳಗ್ಗೆ, ಇ ಮಧ್ಯಾಹ್ನ, ಈ ರಾತ್ರಿ, ಅ ರಜೆ.

ಒಂಬತ್ತನೆಯ ದಿನ ಮತ್ತೆ ಮೊದಲಿನಿಂದ. ಪ್ರತಿ ದಿನ ಪ್ರತಿ ಪಾಳಿಯಲ್ಲಿ ಒಬ್ಬ ಫಾರ್ಮಸಿಸ್ಟ್ ಇದ್ದೇ ಇರುತ್ತಾರೆ. ಎಂಟು ದಿನಕ್ಕೆ ಆರು ಪಾಳಿ, ಅಂದರೆ ವಾರಕ್ಕೆ ಸರಾಸರಿ 42 ಗಂಟೆ. ಯಾವ ಏಳು ದಿನ ಎಣಿಸಿದರೂ 48 ಮೀರುವುದಿಲ್ಲ. ಎರಡು ರಜೆಗಳಲ್ಲಿ ಮೊದಲನೆಯದು ನಿದ್ದೆಗೆ ಹೋದರೂ ಎರಡನೆಯದು ಪೂರ್ತಿ ಅವರದೇ.

ಪಾಳಿಗಳ ಕ್ರಮವನ್ನೂ ಗಮನಿಸಬೇಕು. ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಹೋದರೆ ಪ್ರತಿ ಸಲವೂ ನಡುವೆ ಬಿಡುವು ಹೆಚ್ಚು. ಸಂಜೆ 4ಕ್ಕೆ ಬಿಟ್ಟವರು ಮರುದಿನ ಮಧ್ಯಾಹ್ನ 1ಕ್ಕೆ ಬಂದರೆ ಸಾಕು: 21 ಗಂಟೆ. ರಾತ್ರಿ 10ಕ್ಕೆ ಬಿಟ್ಟವರು ಮರುದಿನ ರಾತ್ರಿ 10ಕ್ಕೆ: 24 ಗಂಟೆ. ಇದನ್ನೇ ಉಲ್ಟಾ ಮಾಡಿ ಮಧ್ಯಾಹ್ನದ ಪಾಳಿಯ ಮಾರನೆಯ ದಿನ ಬೆಳಗಿನ ಪಾಳಿ ಹಾಕಿದರೆ ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ಸಿಗುವುದು ಒಂಬತ್ತೇ ಗಂಟೆ. ಗಲ್ಲಾ ಎಣಿಸಿ, ಮನೆ ಸೇರಿ, ಉಂಡು, ಬೆಳಗ್ಗೆ ಮತ್ತೆ ಬಸ್ಸು ಹಿಡಿಯುವ ಹೊತ್ತು ಕಳೆದರೆ ನಿದ್ದೆಗೆ ಐದಾರು ಗಂಟೆ ಉಳಿದರೆ ಹೆಚ್ಚು. ಯುರೋಪಿಯನ್ ಒಕ್ಕೂಟದ 2003ರ ಕೆಲಸದ ಅವಧಿಯ ನಿರ್ದೇಶನ 24 ಗಂಟೆಗಳಲ್ಲಿ ಕನಿಷ್ಠ 11 ಗಂಟೆಯ ನಿರಂತರ ಬಿಡುವು ಇರಬೇಕೆನ್ನುತ್ತದೆ. ನಮ್ಮ ಅಂಗಡಿಗೆ ಆ ನಿಯಮ ಅನ್ವಯಿಸದಿದ್ದರೂ ಅಳತೆಗೋಲಾಗಿ ಅದು ಒಳ್ಳೆಯದು. ಒಂದೇ ಹೆಸರಿನ ಔಷಧಿಯಲ್ಲಿ 5 ಮಿಲಿಗ್ರಾಂ ಮತ್ತು 50 ಮಿಲಿಗ್ರಾಂ ಪಟ್ಟಿಗಳು ಅಕ್ಕಪಕ್ಕ ಇರುವ ಜಾಗದಲ್ಲಿ ನಿದ್ದೆಗೆಟ್ಟವರನ್ನು ನಿಲ್ಲಿಸುವುದು ರೋಗಿಗೂ ಅಪಾಯ.

ಎಂಟು ಭಾನುವಾರಗಳ ಲೆಕ್ಕ

ಈಗ ಭಾನುವಾರದ ಪ್ರಶ್ನೆ. ಎಂಟು ದಿನದ ಚಕ್ರ, ಏಳು ದಿನದ ವಾರ. ಚಕ್ರ ವಾರಕ್ಕಿಂತ ಒಂದು ದಿನ ಉದ್ದವಿರುವುದರಿಂದ ಎಲ್ಲವೂ ಒಂದೊಂದು ದಿನ ಮುಂದಕ್ಕೆ ಸರಿಯುತ್ತಾ ಹೋಗುತ್ತದೆ. 56 ದಿನ, ಅಂದರೆ ಎಂಟು ವಾರ ತುಂಬಿದಾಗ ಪ್ರತಿಯೊಬ್ಬರೂ ಎರಡು ಭಾನುವಾರ ಬೆಳಗ್ಗೆ, ಎರಡು ಭಾನುವಾರ ಮಧ್ಯಾಹ್ನ, ಎರಡು ಭಾನುವಾರ ರಾತ್ರಿ ದುಡಿದು, ಎರಡು ಭಾನುವಾರ ರಜೆ ಪಡೆದಿರುತ್ತಾರೆ. ಶನಿವಾರಕ್ಕೂ ಇದೇ ಲೆಕ್ಕ, ಬುಧವಾರಕ್ಕೂ ಇದೇ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಮಾಲೀಕರ ಮರ್ಜಿಗೆ ಇಲ್ಲಿ ಜಾಗವೇ ಇಲ್ಲ.

ಆದರೆ ಚಾರ್ಟನ್ನು ಒಬ್ಬರ ಕಣ್ಣಿನಿಂದ ಓದಿದರೆ ಬೇರೆ ಸಂಗತಿ ಕಾಣುತ್ತದೆ. ಮೊದಲ ದಿನ ಸೋಮವಾರವಾದರೆ ‘ಅ’ ಅವರ ಭಾನುವಾರಗಳು ಈ ಸಾಲಿನಲ್ಲಿ ಬರುತ್ತವೆ: ರಜೆ, ರಾತ್ರಿ, ರಾತ್ರಿ, ಮಧ್ಯಾಹ್ನ, ಮಧ್ಯಾಹ್ನ, ಬೆಳಗ್ಗೆ, ಬೆಳಗ್ಗೆ, ರಜೆ. ಎಂಟನೆಯ ವಾರದ ರಜೆಯೂ ಒಂಬತ್ತನೆಯ ವಾರದ ರಜೆಯೂ ಬೆನ್ನಿಗೆ ಬೆನ್ನಾಗಿ ಬಂದು, ಆಮೇಲೆ ಸತತ ಆರು ಭಾನುವಾರ ಕೆಲಸ. ಮೊತ್ತ ಸಮ, ಅನುಭವ ಸಮವಲ್ಲ. ಐದನೆಯ ಭಾನುವಾರ ಅಂಗಡಿಯಲ್ಲಿ ನಿಂತವರಿಗೆ ಎರಡು ತಿಂಗಳ ಮೊತ್ತ ನೆನಪಾಗುವುದಿಲ್ಲ. ಜೊತೆಗೆ ಆ ಮೊದಲ ವಾರದ ಭಾನುವಾರ ಶನಿವಾರ ರಾತ್ರಿಯ ಪಾಳಿ ಮುಗಿಸಿ ಬಂದ ನಿದ್ದೆಯ ಭಾನುವಾರ. ಸೋಮವಾರದಿಂದ ಭಾನುವಾರದವರೆಗೆ ಎಣಿಸಿದರೆ ಅದೇ ವಾರದಲ್ಲಿ ಕಾಯ್ದೆ ಹೇಳುವ ಪೂರ್ಣ ದಿನದ ರಜೆಯೂ ಇಲ್ಲ, ಏಕೆಂದರೆ ಪೂರ್ತಿ ರಜೆ ಸೋಮವಾರಕ್ಕೆ ಜಾರಿಬಿಟ್ಟಿದೆ.

ಎರಡೂ ತೊಡಕಿಗೆ ಒಂದೇ ಮದ್ದು: ಆ ವಾರದ ಶನಿವಾರ ರಾತ್ರಿ ಮಾಲೀಕರೇ ನಿಲ್ಲುವುದು. ಆಗ ‘ಅ’ ಅವರಿಗೆ ಭಾನುವಾರ ಪೂರ್ತಿ ಸಿಗುತ್ತದೆ, ಕಾನೂನಿನ ಕೊರತೆಯೂ ತುಂಬುತ್ತದೆ. ನಾಲ್ವರಿಗೂ ಎಂಟು ವಾರಕ್ಕೊಮ್ಮೆ ಇಂತಹ ಶನಿವಾರ ಬರುತ್ತದೆ. ಅವು ಕೂಡಿ ಸರಿಯಾಗಿ ವಾರ ಬಿಟ್ಟು ವಾರ ಬೀಳುತ್ತವೆ. ಮಾಲೀಕರಿಗೆ ತಿಂಗಳಿಗೆ ಎರಡು ಶನಿವಾರ ರಾತ್ರಿ. ಇದು ತ್ಯಾಗವೇನಲ್ಲ; ಇನ್ನೊಬ್ಬ ಫಾರ್ಮಸಿಸ್ಟನ್ನು ನೇಮಿಸುವ ಖರ್ಚಿನ ಎದುರು ಅದು ಅಗ್ಗ. ಇನ್ನೊಂದು ಲಾಭವೂ ಇದೆ. ಮಧ್ಯರಾತ್ರಿ ಕುಡಿದು ಬಂದು ಚೀಟಿಯಿಲ್ಲದೆ ನಿದ್ದೆಮಾತ್ರೆ ಕೇಳುವವರನ್ನು ತಾವೇ ಎದುರಿಸಿದ ಮಾಲೀಕರು ‘ರಾತ್ರಿ ಏನು ಕೆಲಸ ಇರುತ್ತೆ, ಸುಮ್ಮನೆ ಕೂರೋದು ತಾನೆ’ ಎನ್ನುವುದನ್ನು ನಿಲ್ಲಿಸುತ್ತಾರೆ.

ಇದೆಲ್ಲಾ ಕೆಲಸಗಾರರಿಗೆ ಮೊದಲೇ ಕಾಣಬೇಕು. ವಾರ ವಾರ ಚಾರ್ಟ್ ಹಾಕುವ ಅಂಗಡಿಯಲ್ಲಿ ಮುಂದಿನ ತಿಂಗಳ ಗೃಹಪ್ರವೇಶಕ್ಕೆ ಬರುತ್ತೇನೆಂದು ಯಾರೂ ಧೈರ್ಯವಾಗಿ ಹೇಳಲಾರರು. ಎಂಟೂ ವಾರದ ಚಾರ್ಟನ್ನು ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಎಲ್ಲರಿಗೂ ಕಳಿಸಿದರೆ ತನ್ನ ಭಾನುವಾರ ಯಾವುದು ಎಂದು ಅವರಿಗೆ ಗೊತ್ತಿರುತ್ತದೆ. ಆರು ವಾರ ಕಾಯುವುದು ಕಷ್ಟವೇ. ಎಷ್ಟು ಕಾಯಬೇಕೆಂದು ತಿಳಿಯದೆ ಕಾಯುವುದು ಅದಕ್ಕಿಂತ ಕಷ್ಟ.

‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಪ್ಪ’

ಚಾರ್ಟ್ ಇಷ್ಟು ಚೊಕ್ಕಟವಾಗಿದ್ದರೂ ಜಗಳ ನಿಲ್ಲದ ಅಂಗಡಿಗಳಿವೆ. ಕಾರಣ, ಗೋಡೆಯ ಮೇಲಿರುವುದು ಹಾಕಿದ ಡ್ಯೂಟಿ. ಮಾಡಿದ ಡ್ಯೂಟಿ ಬೇರೆಯೇ ಇರುತ್ತದೆ. ಸಂಜೆ ಎಂಟಕ್ಕೆ ಫೋನ್ ಬರುತ್ತದೆ. “ಅವನ ಮಗೂಗೆ ಜ್ವರ ಅಂತೆ. ಇವತ್ತೊಂದು ರಾತ್ರಿ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಪ್ಪ. ನಿನಗೇನು, ರೂಮು ಇಲ್ಲೇ ಹಿಂದಿನ ಬೀದೀಲಿದೆ.” “ಆಯ್ತು ಸರ್” ಎನ್ನದೆ ಬೇರೆ ದಾರಿಯಿಲ್ಲ. ಒಂದು ಸಲವಾದರೆ ಅದು ಸಹಾಯ. ಆದರೆ ಫೋನು ಪ್ರತಿ ಸಲವೂ ಅದೇ ನಂಬರಿಗೆ ಹೋಗುತ್ತದೆ: ಮದುವೆಯಾಗದವರು, ಹತ್ತಿರ ಇರುವವರು, ಹೊಸದಾಗಿ ಸೇರಿದವರು, ಇಲ್ಲ ಎನ್ನಲು ಬಾರದವರು. ಚಾರ್ಟಿನ ನ್ಯಾಯವನ್ನು ಈ ಫೋನು ಸದ್ದಿಲ್ಲದೆ ತಿದ್ದಿ ಬರೆಯುತ್ತದೆ.

ನಮ್ಮ ಅಂಗಡಿಯಲ್ಲಿ ಎಂಟು ವಾರಕ್ಕೆ 56 ರಾತ್ರಿ. ಮಾಲೀಕರ ನಾಲ್ಕು ಶನಿವಾರ ಕಳೆದರೆ 52, ನಾಲ್ವರಿಗೆ ತಲಾ 13. ಎಂಟು ವಾರದ ಕೊನೆಗೆ ಹಾಜರಿ ಪುಸ್ತಕದಿಂದ ಎಣಿಸಿದಾಗ ‘ಅ’ 13, ‘ಆ’ 10, ‘ಇ’ 17, ‘ಈ’ 12 ಎಂದು ಬಂತು ಎನ್ನೋಣ. ಮೊತ್ತ 52ಕ್ಕೆ ಸರಿ ಹೋಗುತ್ತದೆ, ಅಂಗಡಿ ಒಂದು ರಾತ್ರಿಯೂ ಮುಚ್ಚಿಲ್ಲ. ಮಾಲೀಕರ ದೃಷ್ಟಿಯಲ್ಲಿ ಎಲ್ಲವೂ ಸುಸೂತ್ರ. ಆದರೆ ಹಿಂದಿನ ಬೀದಿಯ ರೂಮಿನಲ್ಲಿರುವ ‘ಇ’ ಬೇರೆಯವರಿಗಿಂತ ನಾಲ್ಕರಿಂದ ಏಳು ರಾತ್ರಿ ಹೆಚ್ಚು ನಿದ್ದೆಗೆಟ್ಟಿದ್ದಾರೆ. ಈ ಅಂಕಿಗಳನ್ನು ಬರೆದಿಡದಿದ್ದರೆ ‘ಇ’ ತನಗೆ ಅನ್ಯಾಯವಾಗಿದೆ ಎಂದು ಹೇಳಿದಾಗ ‘ಎಲ್ರೂ ಅಡ್ಜಸ್ಟ್ ಮಾಡ್ತಾರಪ್ಪ’ ಎಂಬ ಉತ್ತರವೇ ಸಿಗುತ್ತದೆ. ಉತ್ತರ ಕೊಟ್ಟವರು ಸುಳ್ಳು ಹೇಳುತ್ತಿಲ್ಲ. ತಾನು ಬಿಟ್ಟುಕೊಟ್ಟದ್ದು ಪ್ರತಿಯೊಬ್ಬರಿಗೂ ನೆನಪಿರುತ್ತದೆ, ಇನ್ನೊಬ್ಬರು ಬಿಟ್ಟುಕೊಟ್ಟದ್ದು ಮರೆಯುತ್ತದೆ.

ಇದಕ್ಕೆ ಬೇಕಾದ ಸಲಕರಣೆ ಒಂದು ನೋಟ್‌ಬುಕ್ ಮಾತ್ರ. ಪ್ರತಿಯೊಬ್ಬರ ಹೆಸರಿನ ಎದುರು ಮೂರು ಕಾಲಂ: ರಾತ್ರಿ, ಭಾನುವಾರ, ಹಬ್ಬ. ಬರೆಯಬೇಕಾದ್ದು ಹಾಕಿದ್ದನ್ನಲ್ಲ, ಮಾಡಿದ್ದನ್ನು. ಪಾಳಿ ಮುಗಿಸಿ ಹೊರಡುವವರು ತಮ್ಮ ಗೆರೆ ತಾವೇ ಹಾಕಿಕೊಂಡರೆ ವಾದಕ್ಕೆ ಎಡೆಯಿಲ್ಲ. ಈ ಪುಸ್ತಕದಿಂದ ಹುಟ್ಟುವ ನಿಯಮವೂ ಒಂದೇ: ಬದಲಿ ಬೇಕಾದಾಗ ಮೊದಲ ಫೋನು ಹೋಗಬೇಕಾದ್ದು ಆ ಕಾಲಂನಲ್ಲಿ ಅತಿ ಕಡಿಮೆ ಗೆರೆ ಇರುವವರಿಗೆ, ಹತ್ತಿರ ಇರುವವರಿಗಲ್ಲ. ಮೇಲಿನ ಲೆಕ್ಕದಲ್ಲಿ ಮುಂದಿನ ಸುತ್ತಿನ ಮೊದಲ ಎರಡು ಫೋನು ‘ಆ’ ಅವರಿಗೆ. ಅವರ ಮನೆ ಹತ್ತು ಕಿಲೋಮೀಟರ್ ದೂರವಿದ್ದರೆ ಆಟೊ ಖರ್ಚು ಅಂಗಡಿಯದು. ಆ ಹಣ ಕೊಡಲು ಮನಸ್ಸಿಲ್ಲದ್ದಕ್ಕೇ ಇಷ್ಟು ದಿನ ‘ಇ’ ತಮ್ಮ ನಿದ್ದೆ ಕೊಟ್ಟಿದ್ದರು.

ಇಬ್ಬರು ಕೆಲಸಗಾರರು ತಮ್ಮತಮ್ಮಲ್ಲೇ ಪಾಳಿ ಅದಲುಬದಲು ಮಾಡಿಕೊಳ್ಳುವುದು ಬೇರೆ ವಿಷಯ. ಅದನ್ನು ತಡೆಯಬೇಕಾಗಿಲ್ಲ, ಆದರೆ ಎರಡು ಷರತ್ತು ಬೇಕು. ಬದಲು ಕೊಡುವ ದಿನ ಯಾವುದೆಂದು ಆಗಲೇ ಪುಸ್ತಕದಲ್ಲಿ ಬರೆಯಬೇಕು. ‘ಆಮೇಲೆ ಯಾವಾಗಾದ್ರೂ ಮಾಡ್ತೀನಿ’ ಎಂದದ್ದು ಬದಲಿಯಲ್ಲ, ಸಾಲ. ಎರಡನೆಯದು, ಬದಲಿಯಿಂದ ಯಾರಿಗೂ ನಾಲ್ಕು ರಾತ್ರಿ ಒಟ್ಟಿಗೆ ಬೀಳಬಾರದು, ಎರಡು ಪಾಳಿಗಳ ನಡುವೆ 11 ಗಂಟೆಗಿಂತ ಕಡಿಮೆ ಬಿಡುವು ಬರಬಾರದು.

ಕಾಯಿಲೆಯ ದಿನಗಳನ್ನು ಸಾಲವೆಂದು ಬರೆಯಬಾರದು. ಬರೆದರೆ ಜನ ಜ್ವರ ಇಟ್ಟುಕೊಂಡೇ ಬರುತ್ತಾರೆ, ಮೆಡಿಕಲ್ ಶಾಪಿನಲ್ಲಿ ಅದಕ್ಕಿಂತ ಕೆಟ್ಟದ್ದು ಬೇರೆಯಿಲ್ಲ. ಆದರೆ ಅದೇ ಪುಸ್ತಕ ಇನ್ನೊಂದನ್ನೂ ತೋರಿಸುತ್ತದೆ. ಒಬ್ಬರ ಕಾಯಿಲೆ ಪ್ರತಿ ಸಲವೂ ಭಾನುವಾರ ಮಧ್ಯಾಹ್ನವೇ ಬರುತ್ತಿದ್ದರೆ ಗದರುವ ಮೊದಲು ಕಾರಣ ಕೇಳಬೇಕು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವ ಹೆಂಗಸು ಭಾನುವಾರ ಬರುವುದಿಲ್ಲ ಎಂಬಂತಹ ಉತ್ತರ ಸಿಗಬಹುದು. ಆಗ ಭಾನುವಾರ ಮಧ್ಯಾಹ್ನದ ಬದಲು ಶನಿವಾರ ರಾತ್ರಿ ಕೊಟ್ಟರೆ ಇಬ್ಬರಿಗೂ ಅನುಕೂಲ.

ನೈಟ್ ಮಾಡದವರ ಪಾಲು

ನಾಲ್ವರಲ್ಲಿ ಒಬ್ಬರು ರಾತ್ರಿ ಬರಲಾರರು ಎಂದಾಗ ಏನು ಮಾಡುವುದು? ಕರ್ನಾಟಕದಲ್ಲಿ ಮಹಿಳೆಯರನ್ನು ರಾತ್ರಿ ದುಡಿಸಬೇಕಾದರೆ ಅವರ ಲಿಖಿತ ಒಪ್ಪಿಗೆ, ಸಾರಿಗೆ, ಭದ್ರತೆ ಬೇಕೆಂಬ ಷರತ್ತುಗಳಿವೆ. ಒಬ್ಬರೇ ಇರುವ ರಾತ್ರಿ ಪಾಳಿಯಲ್ಲಿ ಅವನ್ನು ಪೂರೈಸುವುದು ಸಣ್ಣ ಅಂಗಡಿಗೆ ಸುಲಭವಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವೈದ್ಯರು ನೈಟ್ ಬೇಡ ಎಂದಿರಬಹುದು.

ಮೇಲ್ನೋಟಕ್ಕೆ, ಅವರ ಎರಡು ರಾತ್ರಿಗಳನ್ನು ಬೇರೆ ಯಾರಿಗಾದರೂ ಕೊಟ್ಟು ಆ ಬೇರೆಯವರ ಹಗಲಿನ ಪಾಳಿ ಇವರಿಗೆ ಕೊಟ್ಟರಾಯಿತು ಎನಿಸುತ್ತದೆ. ಎಂಟು ದಿನದ ಚಕ್ರದಲ್ಲಿ ಇಟ್ಟು ನೋಡಿದರೆ ತೊಡಕು ತಿಳಿಯುತ್ತದೆ. ಆ ಎರಡು ದಿನ ಮಧ್ಯಾಹ್ನದ ಪಾಳಿಯಲ್ಲಿರುವವರು ರಾತ್ರಿಗೆ ಬಂದರೆ, ಮುಂದಿನ ಎರಡು ದಿನ ಅವರದೇ ರಾತ್ರಿ ಇರುವುದರಿಂದ ಸತತ ನಾಲ್ಕು ರಾತ್ರಿಯಾಗುತ್ತದೆ. ಬೆಳಗಿನ ಪಾಳಿಯವರು ಬಂದರೆ ಎರಡನೆಯ ರಾತ್ರಿ ಮುಗಿಸಿ ಬೆಳಗ್ಗೆ 7ಕ್ಕೆ ಹೋಗಿ ಅದೇ ಮಧ್ಯಾಹ್ನ 1ಕ್ಕೆ ಮತ್ತೆ ಬರಬೇಕು. ರಜೆಯಲ್ಲಿರುವವರಂತೂ ಆಗಷ್ಟೇ ಎರಡು ರಾತ್ರಿ ಮುಗಿಸಿದವರು. ಹೇಗೆ ಮಾಡಿದರೂ ಒಬ್ಬರಿಗೆ ಪೆಟ್ಟು. ಹಾಗಾಗಿ ಇಲ್ಲಿ ಬೇಕಾದ್ದು ತೇಪೆಯಲ್ಲ, ಹೊಸ ಚಾರ್ಟ್: ರಾತ್ರಿಗಳು ಮೂವರ ನಡುವೆ, ನೈಟ್ ಮಾಡದವರಿಗೆ ಹಗಲು ಮಾತ್ರ. ಮೂರು ಕೂಡ ಏಳರ ಜೊತೆ ಸಿಕ್ಕಿಹಾಕಿಕೊಳ್ಳದ ಸಂಖ್ಯೆಯೇ. 21 ದಿನದಲ್ಲಿ ಮೂವರಿಗೂ ತಲಾ ಏಳು ರಾತ್ರಿ ಬರುತ್ತದೆ.

ಹಾಗಾದರೆ ನೈಟ್ ಮಾಡದವರು ಬದಲಿಗೆ ಏನು ಕೊಡಬೇಕು? ಕೆಲವು ಅಂಗಡಿಗಳು ಅಂಕ ಕಟ್ಟುತ್ತವೆ: ಮಾಮೂಲಿ ಪಾಳಿಗೆ ಒಂದು, ಭಾನುವಾರ ಮಧ್ಯಾಹ್ನಕ್ಕೆ ಒಂದೂವರೆ, ರಾತ್ರಿಗೆ ಎರಡು, ಹೀಗೆ. ಈ ಅಂಕಗಳನ್ನು ಮಾಲೀಕರು ಊಹಿಸಿ ಬರೆದರೆ ಯಾರೂ ಒಪ್ಪುವುದಿಲ್ಲ. ಎಲ್ಲರನ್ನೂ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳುವುದು ಲೇಸು: ‘ನಿಮ್ಮ ಒಂದು ಶನಿವಾರ ರಾತ್ರಿಯನ್ನು ಬೇರೆಯವರು ಮಾಡಿದರೆ ನೀವು ಎಷ್ಟು ಭಾನುವಾರ ಮಧ್ಯಾಹ್ನ ಮಾಡುತ್ತೀರಿ?’ ಬರುವ ಉತ್ತರಗಳ ನಡುವಿನದನ್ನು ಹಿಡಿದರೆ ಅದೇ ಆ ಅಂಗಡಿಯ ದರ. ಒಬ್ಬರು ಒಂದು ಎನ್ನಬಹುದು, ಇನ್ನೊಬ್ಬರು ಮೂರು. ಉತ್ತರಗಳು ಬೇರೆಬೇರೆಯಾಗಿರುವುದು ಒಳ್ಳೆಯದೇ. ನೈಟ್ ಅಷ್ಟೇನೂ ಕಷ್ಟವಲ್ಲ ಎನ್ನುವವರು ಆಗ ತಾವಾಗಿಯೇ ಮುಂದೆ ಬರುತ್ತಾರೆ.

ಸಹಾಯಕರ ಲೆಕ್ಕವೂ ಇಲ್ಲಿ ಸೇರಬೇಕು. ಭಾನುವಾರದ ಎರಡು ಹಗಲು ಪಾಳಿಗೆ ಮೂವರಲ್ಲಿ ಇಬ್ಬರು ಬೇಕು, ಒಬ್ಬರಿಗೆ ರಜೆ. ಅಂದರೆ 24 ವಾರದಲ್ಲಿ ತಲಾ ಎಂಟು ಭಾನುವಾರ. ಅದೇ 24 ವಾರದಲ್ಲಿ ಫಾರ್ಮಸಿಸ್ಟರಿಗೆ ಆರು, ಜೊತೆಗೆ ರಾತ್ರಿಗಳ ಹೊರೆ. ಸಂಬಳದ ವ್ಯತ್ಯಾಸ ಇದಕ್ಕೆ ಸಮ ಎಂದುಕೊಳ್ಳುವಂತಿಲ್ಲ. ಆ ಸಂಬಳ ಅವರ ಓದಿಗೆ, ಹೊಣೆಗೆ ಕೊಡುವಂಥದ್ದು. ಅದಕ್ಕೇ ನೈಟ್ ಬತ್ತೆಯನ್ನು ಸಂಬಳದೊಳಗೆ ಕರಗಿಸದೆ ಪ್ರತಿ ರಾತ್ರಿಗೆ ಇಷ್ಟೆಂದು ಪ್ರತ್ಯೇಕವಾಗಿ ಕೊಡಬೇಕು. ಹಾಗೆ ಕೊಟ್ಟಾಗ ಹೆಚ್ಚು ರಾತ್ರಿ ಮಾಡಿದವರಿಗೆ ಹೆಚ್ಚು ಹಣವಾದರೂ ಸಿಗುತ್ತದೆ. ಆದರೆ ಬತ್ತೆಯ ಆಸೆಗೆ ಒಬ್ಬರೇ ಎಲ್ಲಾ ರಾತ್ರಿ ತೆಗೆದುಕೊಳ್ಳಲು ಹೊರಟರೆ ತಡೆಯಬೇಕು. ಹಣ ಕೊಟ್ಟ ಮಾತ್ರಕ್ಕೆ ನಿದ್ದೆ ಸಿಕ್ಕಂತಾಗುವುದಿಲ್ಲ.

ಹಬ್ಬಕ್ಕೆ ಬೇರೆ ಖಾತೆ

ಭಾನುವಾರ ವರ್ಷಕ್ಕೆ 52 ಬರುತ್ತದೆ, ಯುಗಾದಿ ಬರುವುದು ಒಂದೇ ಸಲ. ಆದ್ದರಿಂದ ತಾನಾಗಿ ಸರಿಯುವ ಚಕ್ರ ಹಬ್ಬದ ವಿಷಯದಲ್ಲಿ ಕೈಕೊಡುತ್ತದೆ; ಯಾರ ರಾತ್ರಿ ದೀಪಾವಳಿಗೆ ಬೀಳುತ್ತದೆ ಎಂಬುದು ಬರೀ ಅದೃಷ್ಟ. ಹಬ್ಬದ ರಜೆಗಳ ಬಗ್ಗೆ ಕರ್ನಾಟಕದಲ್ಲಿ 1963ರ ಕಾಯ್ದೆಯೊಂದಿದೆ. ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ, ಇವುಗಳ ಜೊತೆ ಇನ್ನೂ ಐದು ಹಬ್ಬದ ರಜೆ ಕೊಡಬೇಕೆನ್ನುತ್ತದೆ ಅದು. ಆ ದಿನ ದುಡಿಸಿದರೆ ದುಪ್ಪಟ್ಟು ಕೂಲಿ, ಇಲ್ಲವೇ ಕೂಲಿಯ ಜೊತೆ ಬದಲಿ ರಜೆ. ಆದರೆ ಯಾರು ದುಡಿಯಬೇಕು ಎಂಬುದನ್ನು ಕಾಯ್ದೆ ಹೇಳುವುದಿಲ್ಲ.

ವರ್ಷದ ಮೊದಲಿಗೇ ಹಬ್ಬಗಳ ಪಟ್ಟಿ ಇಟ್ಟುಕೊಂಡು ತಮಗೆ ಬೇಕಾದ ರಜೆಯನ್ನು ಸರತಿಯಂತೆ ಆರಿಸಿಕೊಳ್ಳುವುದು ಸರಳ ದಾರಿ. ಮೊದಲ ಸುತ್ತಿನಲ್ಲಿ ಅ, ಆ, ಇ, ಈ. ಎರಡನೆಯ ಸುತ್ತಿನಲ್ಲಿ ಉಲ್ಟಾ, ಈ, ಇ, ಆ, ಅ. ಹೀಗೆ ಮಾಡಿದರೆ ಕೊನೆಯಲ್ಲಿ ಆರಿಸಿದವರಿಗೆ ಕೂಡಲೇ ಎರಡನೆಯ ಆಯ್ಕೆಯೂ ಸಿಗುತ್ತದೆ. ಮುಂದಿನ ವರ್ಷ ಸರತಿ ‘ಆ’ ಅವರಿಂದ ಶುರು. ಆರಿಸುವಾಗ ಒಂದು ಸಂಗತಿ ಹೊರಬರುತ್ತದೆ: ಎಲ್ಲರಿಗೂ ಎಲ್ಲಾ ಹಬ್ಬ ಬೇಕಿರುವುದಿಲ್ಲ. ಒಬ್ಬರಿಗೆ ರಂಜಾನ್ ಬಿಟ್ಟರೆ ಬೇರೇನೂ ಬೇಡ, ಗಣೇಶ ಚೌತಿಗೆ ಖುಷಿಯಿಂದ ನಿಲ್ಲುತ್ತಾರೆ. ಇನ್ನೊಬ್ಬರಿಗೆ ದೀಪಾವಳಿಗಿಂತ ಊರಿನ ತೇರು ಮುಖ್ಯ, ಅದು ಯಾವ ಸರ್ಕಾರಿ ಪಟ್ಟಿಯಲ್ಲೂ ಇಲ್ಲ. ಭಾನುವಾರವನ್ನು ಸಮವಾಗಿ ಹಂಚುವುದೊಂದೇ ದಾರಿ. ಹಬ್ಬವನ್ನು ಮಾತ್ರ ಬೇಕಾದವರಿಗೆ ಬೇಕಾದ್ದು ಕೊಟ್ಟು ಎಲ್ಲರಿಗೂ ಲಾಭವಾಗುವಂತೆ ಹಂಚಬಹುದು.

ಎಂಟು ವಾರದ ನಂತರ

ಒಂದು ಸುತ್ತು ಮುಗಿದ ದಿನ ಮಧ್ಯಾಹ್ನ 1ರಿಂದ 4ರ ನಡುವೆ, ಎರಡು ಪಾಳಿಯವರೂ ಇರುವಾಗ, ಪುಸ್ತಕ ತೆರೆದು ಮೂರು ಕಾಲಂ ಕೂಡಿಸಬೇಕು. ಒಬ್ಬರಿಗೂ ಇನ್ನೊಬ್ಬರಿಗೂ ಒಂದೆರಡು ಗೆರೆಯ ವ್ಯತ್ಯಾಸ ಸಹಜ, ಅದನ್ನು ಮುಂದಿನ ಸುತ್ತಿಗೆ ಬಿಟ್ಟರೆ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಚಾರ್ಟಿನಲ್ಲೇ ತಿದ್ದಿ, ಹೆಚ್ಚು ಮಾಡಿದವರ ರಾತ್ರಿಯನ್ನು ಕಡಿಮೆ ಮಾಡಿದವರ ಹೆಸರಿಗೆ ಬರೆಯಬೇಕು. ಸುತ್ತು ಸುತ್ತಿಗೂ ಅದೇ ಹೆಸರು ಮೇಲೆ ಬರುತ್ತಿದ್ದರೆ ಫೋನು ಇನ್ನೂ ಹತ್ತಿರದ ನಂಬರಿಗೇ ಹೋಗುತ್ತಿದೆ ಎಂದರ್ಥ.

ಮಾಲೀಕರು ತಮ್ಮ ಕಾಲಂ ಕೂಡ ನೋಡಿಕೊಳ್ಳಬೇಕು. ಎಂಟು ವಾರಕ್ಕೆ ನಾಲ್ಕು ರಾತ್ರಿ ನಿಲ್ಲುತ್ತೇನೆಂದವರು ಎಂಟೊಂಬತ್ತು ರಾತ್ರಿ ನಿಂತಿದ್ದರೆ, ಆಗಲೂ ಎಲ್ಲರ ಗೆರೆಗಳೂ 13ರ ಆಸುಪಾಸಿನಲ್ಲೇ ಇದ್ದರೆ, ಹಂಚಿಕೆಯಲ್ಲಿ ಇನ್ನು ತಿದ್ದುವುದೇನೂ ಉಳಿದಿಲ್ಲ. ಆ ಅಂಗಡಿಗೆ ಐದನೆಯ ಫಾರ್ಮಸಿಸ್ಟ್ ಬೇಕು, ವಾರದ ಕೆಲವು ದಿನಕ್ಕಾದರೂ ಸರಿ. ಎಷ್ಟು ದಿನ, ಯಾವ ಪಾಳಿಗೆ ಎಂಬ ಉತ್ತರ ಅದೇ ನೋಟ್‌ಬುಕ್ಕಿನಲ್ಲಿದೆ: ಮಾಲೀಕರು ಲೆಕ್ಕಕ್ಕಿಂತ ಹೆಚ್ಚಾಗಿ ನಿಂತ ಪಾಳಿಗಳನ್ನು ಎಣಿಸಿದರಾಯಿತು.